ಸಿಎಸ್ ರೆಸ್ಯೂಮೆಯಲ್ಲಿ ತಡವಾದ ಫೈಲಿಂಗ್ ಬರೆಯಬೇಕಾ?

ಪ್ರಶ್ನೆ: ನಾಲ್ಕು ವರ್ಷದಿಂದ ಒಂದು ಪ್ರೈವೇಟ್ ಲಿಮಿಟೆಡ್ ಕಂಪನಿಯಲ್ಲಿ ಸಿಎಸ್, ಅಂದರೆ ಕಂಪನಿ ಸೆಕ್ರೆಟರಿ ಆಗಿದ್ದೇನೆ. ಫೈಲಿಂಗ್, ಬೋರ್ಡ್ ಮೀಟಿಂಗ್, ಡ್ಯೂ ಡೇಟ್ ಎಲ್ಲಾ ರೆಸ್ಯೂಮೆಯಲ್ಲಿ ಹೇಗೆ ತೋರಿಸಲಿ? ಒಂದು ವರ್ಷ ಲೇಟ್ ಆಗಿತ್ತು.

ಮೊದಲು ಲೇಟ್ ಆದದ್ದನ್ನೇ ನೋಡೋಣ. ಅದನ್ನು ಮುಚ್ಚಿಡೋಕೆ ಆಗಲ್ಲ.

ನನ್ನ ಮೊದಲ ರೆಸ್ಯೂಮೆಯಲ್ಲಿ "ನೂರಕ್ಕೆ ನೂರು ಸಕಾಲದಲ್ಲಿ ಫೈಲಿಂಗ್" ಅಂತ ಬರೆದಿದ್ದೆ. ಇಂಟರ್‌ವ್ಯೂ ಮಾಡಿದವರು ಕೇಂದ್ರ ಸರ್ಕಾರದ ಎಂಸಿಎ ಪೋರ್ಟಲ್‌ನಲ್ಲಿ ಶುಲ್ಕ ಕಟ್ಟಿ ನಮ್ಮ ಕಂಪನಿಯ ದಾಖಲೆ ತೆಗೆಸಿಕೊಂಡಿದ್ದರು. ಎಜಿಎಂ, ಅಂದರೆ ವಾರ್ಷಿಕ ಸಾಮಾನ್ಯ ಸಭೆ ನಡೆದದ್ದು ಸೆಪ್ಟೆಂಬರ್ 20ಕ್ಕೆ. ಹಾಗಾಗಿ ಲೆಕ್ಕಪತ್ರ ಸಲ್ಲಿಸುವ AOC-4 ಫಾರ್ಮ್ ಅಕ್ಟೋಬರ್ 20ರೊಳಗೆ ಹೋಗಬೇಕಿತ್ತು, ಹೋಗಿದ್ದು 29ಕ್ಕೆ. ದಿನಕ್ಕೆ 100 ರೂಪಾಯಿಯಂತೆ ಒಂಬತ್ತು ದಿನಕ್ಕೆ 900 ರೂಪಾಯಿ ಹೆಚ್ಚುವರಿ ಶುಲ್ಕ. ಮೊತ್ತ ಚಿಕ್ಕದು, ಆದರೆ ನನ್ನ ಮುಖ ನೋಡಬೇಕಿತ್ತು!

ಈಗ ನಾನೇ ರೆಸ್ಯೂಮೆ ನೋಡುವ ಜಾಗದಲ್ಲಿದ್ದೇನೆ. "AOC-4, MGT-7, DIR-12, MGT-14 ಫೈಲ್ ಮಾಡಿದ ಅನುಭವ" ಅಂತ ಬರೆದರೆ ನನಗೆ ಏನೂ ತಿಳಿಯಲ್ಲ. ಆ ಪಟ್ಟಿ ಎಲ್ಲರ ಹತ್ರಾನೂ ಇರುತ್ತೆ. ಅದರ ಬದಲು ಹೀಗೆ ಬರೆಯಿರಿ:

"ನಾಲ್ಕು ವರ್ಷದ ವಾರ್ಷಿಕ ಫೈಲಿಂಗ್ ಪೂರ್ತಿ ನನ್ನ ಹೊಣೆ. ಮೂರು ವರ್ಷ ಗಡುವಿನೊಳಗೆ. ಒಂದು ವರ್ಷ ಆಡಿಟ್ ಸಹಿ ತಡವಾಗಿ AOC-4 ಒಂಬತ್ತು ದಿನ ಲೇಟ್. ಮರುವರ್ಷದಿಂದ ಆಡಿಟರ್ ಜೊತೆ ಜುಲೈನಲ್ಲೇ ತಾರೀಖು ಗೊತ್ತು ಮಾಡಿಕೊಂಡೆ; ಆಮೇಲೆ ತಡವಾಗಿಲ್ಲ."

ಆ ಒಂಬತ್ತು ದಿನ ನಿಮ್ಮ ಕಥೆಯಲ್ಲಿ ಬೇರೆ ಇರಬಹುದು. ನಿಜವಾದ ಸಂಖ್ಯೆ ಹಾಕಿ. ಪ್ರತಿ ಫೈಲಿಂಗ್‌ಗೆ ಪೋರ್ಟಲ್ ಕೊಡುವ ಎಸ್‌ಆರ್‌ಎನ್ ನಂಬರ್‌ಗಳನ್ನು ರೆಸ್ಯೂಮೆಗೆ ತುರುಕಬೇಡಿ. ಒಂದು ಹಾಳೆಯಲ್ಲಿ ಬರೆದಿಟ್ಟುಕೊಂಡು ಹೋಗಿ, ಕೇಳಿದರೆ ತೋರಿಸಬಹುದು.

ಬೋರ್ಡ್ ಮೀಟಿಂಗ್‌ಗೂ ಸುಮ್ನೆ "16 ಮೀಟಿಂಗ್" ಅಂದರೆ ಸಾಲದು. ನಿಮ್ಮ ಪಾಲು ಯಾವುದು? ನೋಟಿಸ್ ನೀವೇ ಬರೆದಿರಾ, ಡೈರೆಕ್ಟರ್ ಎದುರು ಕೂತಿದ್ದಿರಾ, ಅಥವಾ ಮಿನಿಟ್ಸ್ ಟೈಪ್ ಮಾಡಿದ್ದಷ್ಟೇನಾ? ಎರಡು ಮೀಟಿಂಗ್ ನಡುವೆ 120 ದಿನ ಮೀರಬಾರದು ಅಲ್ವಾ, ನಿಮ್ಮಲ್ಲಿ ಅತಿ ದೊಡ್ಡ ಅಂತರ ಎಷ್ಟಿತ್ತು ಅಂತ ಮಿನಿಟ್ ಬುಕ್ ನೋಡಿ ಲೆಕ್ಕ ಹಾಕಿ ಬರೆಯಿರಿ. ಕರಡು ಮಿನಿಟ್ಸ್ 15 ದಿನದೊಳಗೆ ಎಲ್ಲ ಡೈರೆಕ್ಟರ್‌ಗಳಿಗೂ ಹೋಗಿತ್ತಾ? ಹೋಗಿದ್ದರೆ ಅದನ್ನೂ ಹಾಕಿ. ಈ ಎರಡು ಸಾಲು ನೋಡಿದ ಕೂಡಲೇ, ಇವರು ಪುಸ್ತಕ ಕೈಯಲ್ಲಿ ಹಿಡಿದು ಕೆಲಸ ಮಾಡಿದವರು ಅಂತ ನನಗೆ ಗೊತ್ತಾಗುತ್ತೆ.

ಒಂದು ಎಚ್ಚರ. ಮೀಟಿಂಗ್‌ನಲ್ಲಿ ಏನು ತೀರ್ಮಾನ ಆಯ್ತು, ಯಾರ ಜೊತೆ ಡೀಲ್ ನಡೀತಿತ್ತು ಅನ್ನೋದನ್ನು ಬರೆಯಬೇಡಿ. ಒಬ್ಬ ಅಭ್ಯರ್ಥಿ ಇನ್ನೂ ಹೊರಬೀಳದ ಷೇರು ಮಾರಾಟದ ವಿಷಯವನ್ನು ಸಾಧನೆ ಅಂತ ಬರೆದುಕೊಂಡಿದ್ದರು. ಅವರನ್ನು ಇಂಟರ್‌ವ್ಯೂಗೆ ಕರೆಯಲೇ ಇಲ್ಲ.