ನಾಲ್ಕು ಅಂಕಕ್ಕೆ ಮಗ ಫೇಲ್: ಗ್ರೇಸ್ ಮಾರ್ಕ್ಸ್ ಯಾರಿಗೆ ಸಿಗುತ್ತದೆ?

ಪ್ರಶ್ನೆ: ಸರ್, ನನ್ನ ಮಗ ಎಸ್‌ಎಸ್‌ಎಲ್‌ಸಿ ಪರೀಕ್ಷೆ-1ರಲ್ಲಿ ಗಣಿತ ಬಿಟ್ಟು ಎಲ್ಲದರಲ್ಲೂ ಪಾಸಾಗಿದ್ದಾನೆ. ಗಣಿತದಲ್ಲಿ ಬಂದಿರೋದು 26, ನಾಲ್ಕೇ ಅಂಕ ಕಡಿಮೆ. 2024ರಲ್ಲಿ ಪಕ್ಕದ ಮನೆ ಹುಡುಗಿಗೆ ಗ್ರೇಸ್ ಕೊಟ್ಟು ಪಾಸ್ ಮಾಡಿದ್ರು. ಕಾಸರಗೋಡಿನಲ್ಲಿರೋ ನನ್ನ ಅಕ್ಕನ ಮಗಳಿಗೆ ಯಕ್ಷಗಾನಕ್ಕೂ ಗ್ರೇಸ್ ಮಾರ್ಕ್ಸ್ ಸಿಕ್ತು. ಇವನಿಗೆ ಯಾಕಿಲ್ಲ? ಅರ್ಜಿ ಎಲ್ಲಿ ಹಾಕಬೇಕು? ಒಬ್ಬರು ಫೋನ್ ಮಾಡಿ, ದುಡ್ಡು ಕೊಟ್ಟರೆ ಹಾಕಿಸಿಕೊಡ್ತೀನಿ ಅಂತಿದ್ದಾರೆ. ಅಂಕಪಟ್ಟಿಯ ಫೋಟೋ ಕಳಿಸಿದ್ದೇನೆ.
– ಒಬ್ಬ ತಾಯಿ, ಶಿರಾ

ಉತ್ತರ: ಮೊದಲು ಆ ಫೋನ್ ವಿಷಯ ಮುಗಿಸೋಣ. ಒಂದು ರೂಪಾಯಿ ಕೂಡ ಕೊಡಬೇಡಿ. ಗ್ರೇಸ್ ಮಾರ್ಕ್ಸ್‌ಗೆ ಅರ್ಜಿ ಅನ್ನೋದೇ ಇಲ್ಲ. ಯಾರೋ ಹೋಗಿ ಹಾಕಿಸಿಕೊಡುವ ವಸ್ತುವೂ ಅದಲ್ಲ.

ಯಾಕೆ ಅಂತ ಹೇಳ್ತೀನಿ. ನಾನು ಗಣಿತದ ಮೇಷ್ಟ್ರಾಗಿದ್ದವನು, ವರ್ಷಗಟ್ಟಲೆ ಮೌಲ್ಯಮಾಪನಕ್ಕೆ ಹೋಗಿದ್ದೇನೆ. ಅಲ್ಲಿ ನಮ್ಮ ಮುಂದೆ ಬರೋದು ಒಂದು ಕಟ್ಟು ಪತ್ರಿಕೆ ಅಷ್ಟೇ. ಮಗುವಿನ ಹೆಸರು ಗೊತ್ತಿರಲ್ಲ, ಊರು ಗೊತ್ತಿರಲ್ಲ, ಬೇರೆ ವಿಷಯಗಳಲ್ಲಿ ಎಷ್ಟು ಬಂದಿದೆ ಅನ್ನೋದಂತೂ ಗೊತ್ತೇ ಇರಲ್ಲ. ಪಾಸಿಗೆ ಲಿಖಿತದಲ್ಲೇ 28 ಬೇಕಿದ್ದ ಆ ಕಾಲದಲ್ಲಿ, ಒಟ್ಟು ಕೂಡಿಸಿದಾಗ 26, 27 ಬಂದರೆ ಎಲ್ಲಾ ಮೇಷ್ಟ್ರಿಗೂ ಕೈ ತಡೆಯುತ್ತಿತ್ತು, ಪತ್ರಿಕೆಯನ್ನು ಇನ್ನೊಂದು ಸಲ ಮೊದಲಿಂದ ತಿರುವಿ ಹಾಕ್ತಿದ್ವಿ, ಎಲ್ಲಾದರೂ ಸೂತ್ರ ಬರೆದಿದ್ದಾನಾ, ಚಿತ್ರ ಬರೆದು ಗುರುತು ಮಾಡಿದ್ದಾನಾ ಅಂತ ಹುಡುಕ್ತಿದ್ವಿ. ಹಾಗೆ ಸಿಗುವ ಅಂಕ ಮಗುವಿನ ಹಕ್ಕಿನ ಅಂಕ. ಅದು ಗ್ರೇಸ್ ಅಲ್ಲ.

ಗ್ರೇಸ್ ಕೊಡಬೇಕಾದರೆ ಮಗುವಿನ ಪೂರ್ತಿ ಫಲಿತಾಂಶ ಒಂದೇ ಕಡೆ ಕಾಣಬೇಕು. ಒಟ್ಟು ಎಷ್ಟಾಯ್ತು, ಎಷ್ಟು ವಿಷಯದಲ್ಲಿ ಬಿದ್ದಿದ್ದಾನೆ, ಪ್ರತಿ ವಿಷಯದಲ್ಲಿ ಎಷ್ಟೆಷ್ಟು ಕಡಿಮೆ ಅಂತ ಗೊತ್ತಾಗೋದು ಎಲ್ಲಾ ಅಂಕ ಕಂಪ್ಯೂಟರಿಗೆ ಹೋದ ಮೇಲೆ. ಆ ವರ್ಷಕ್ಕೆ ಮಂಡಳಿ ಒಂದು ನಿಯಮ ಮಾಡಿದ್ದರೆ, ಆ ನಿಯಮದೊಳಗೆ ಬರುವ ಎಲ್ಲರಿಗೂ ಒಂದೇ ಸಲಕ್ಕೆ ತಾನಾಗೇ ಸೇರುತ್ತೆ. ಅದೂ ಪಾಸಾಗಲು ಎಷ್ಟು ಬೇಕೋ ಅಷ್ಟೇ. ಫಲಿತಾಂಶದಲ್ಲಿ ನಿಮ್ಮ ಮಗನಿಗೆ ಫೇಲ್ ಅಂತ ಬಂದಿದೆ ಅಂದರೆ ಆ ಲೆಕ್ಕ ಆಗಲೇ ಮುಗಿದಿದೆ ಅಂತ ಅರ್ಥ.

ಹಾಗಾದರೆ ಪಕ್ಕದ ಮನೆ ಹುಡುಗಿಗೆ ಹೇಗೆ ಸಿಕ್ತು? ಅವಳು ಬರೆದದ್ದು 2024ರಲ್ಲಿ. ಆ ವರ್ಷದ ಕಥೆಯೇ ಬೇರೆ.

ಕೋವಿಡ್ ಕಾಲದಿಂದ ನಮ್ಮಲ್ಲಿ ಶೇ. 10ರವರೆಗೆ ಗ್ರೇಸ್ ಕೊಡುವ ರೂಢಿ ಇತ್ತು. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಹಾಕಿ ವೆಬ್‌ಕಾಸ್ಟಿಂಗ್ ಮಾಡಿದರು. ನಕಲು ಕಡಿಮೆಯಾಯ್ತು, ಜೊತೆಗೆ ಫಲಿತಾಂಶವೂ ಧಡಕ್ಕಂತ ಬಿತ್ತು. ಆಗ ಮಂಡಳಿ ಎರಡು ಕೆಲಸ ಮಾಡಿತು. ಗ್ರೇಸ್ ಪಡೆಯಲು ಬೇಕಾದ ಅರ್ಹತೆಯ ಅಂಕವನ್ನು ಶೇ. 35ರಿಂದ 25ಕ್ಕೆ ಇಳಿಸಿತು, ಗ್ರೇಸನ್ನು ಶೇ. 10ರಿಂದ 20ಕ್ಕೆ ಏರಿಸಿತು. ಜನ ಬರೀ 'ಇಪ್ಪತ್ತು ಪರ್ಸೆಂಟ್ ಗ್ರೇಸ್' ಅಂತ ನೆನಪಿಟ್ಟುಕೊಂಡಿದ್ದಾರೆ. ನನ್ನ ಪ್ರಕಾರ ದೊಡ್ಡ ಬದಲಾವಣೆ ಆ ಮೊದಲನೆಯದು. ಗ್ರೇಸ್ ಎಷ್ಟು ಅನ್ನೋದಕ್ಕಿಂತ, ಗ್ರೇಸ್ ಸಾಲಿನಲ್ಲಿ ಯಾರು ನಿಲ್ಲಬಹುದು ಅನ್ನೋದೇ ಬದಲಾಯ್ತಲ್ವಾ! ಇಷ್ಟೆಲ್ಲಾ ಮಾಡಿದರೂ ಶೇಕಡಾವಾರು ಫಲಿತಾಂಶ 2023ರ 83.89ರಿಂದ 73.40ಕ್ಕೆ ಇಳಿಯಿತು. ಆ ಗ್ರೇಸಿನಿಂದ ದಡ ಸೇರಿದವರು ಸುಮಾರು 1.7 ಲಕ್ಷ ಮಕ್ಕಳು. ಮುಖ್ಯಮಂತ್ರಿ ಸಿದ್ದರಾಮಯ್ಯನವರೇ ಇದಕ್ಕೆ ಅಸಮಾಧಾನ ತೋರಿಸಿದರು, ಮುಂದಿನ ವರ್ಷ ಅದನ್ನು ನಿಲ್ಲಿಸಲಾಯಿತು. 2025ರ ಪರೀಕ್ಷೆ-1ರ ಫಲಿತಾಂಶ 66.14ಕ್ಕೆ ಬಂದಿದ್ದು ಗ್ರೇಸ್ ಇಲ್ಲದೆ.

ಈಗ ನಿಮ್ಮ ಮಗನ ಅಂಕಪಟ್ಟಿಗೆ ಬರೋಣ, ಅದರಲ್ಲಿ ನೀವು ಗಮನಿಸದ ಒಂದು ವಿಷಯ ಇದೆ.

ಅಕ್ಟೋಬರ್ 2025ರಲ್ಲಿ ಸರ್ಕಾರ ಪಾಸ್ ನಿಯಮವನ್ನೇ ಸಡಿಲ ಮಾಡಿತು, 2025-26ರ ಸಾಲಿನಿಂದ. ಆಂತರಿಕ ಅಂಕ, ಲಿಖಿತ ಅಂಕ ಎರಡೂ ಸೇರಿ ಒಟ್ಟಾರೆ ಶೇ. 33, ಅಂದರೆ 625ಕ್ಕೆ 206 ಬರಬೇಕು. ಪ್ರತಿ ವಿಷಯದಲ್ಲಿ ಕನಿಷ್ಠ ಶೇ. 30 ಇರಬೇಕು. ಅದಕ್ಕೂ ಮುಂಚೆ 80 ಅಂಕದ ಲಿಖಿತ ಪರೀಕ್ಷೆಯಲ್ಲೇ 28 ತೆಗೆಯಬೇಕಿತ್ತು, ಆಂತರಿಕದಲ್ಲಿ 20ಕ್ಕೆ 20 ಬಂದಿದ್ದರೂ ಆ 28ಕ್ಕೆ ಸಹಾಯ ಆಗ್ತಿರಲಿಲ್ಲ.

ನಿಮ್ಮ ಮಗನಿಗೆ ಇಂಗ್ಲಿಷಿನಲ್ಲಿ ಲಿಖಿತ 20, ಆಂತರಿಕ 18, ಒಟ್ಟು 38. ವಿಜ್ಞಾನದಲ್ಲಿ 18 ಮತ್ತು 17, ಒಟ್ಟು 35. ಗಣಿತದಲ್ಲಿ 9 ಮತ್ತು 17, ಒಟ್ಟು 26. ಹಳೆಯ ನಿಯಮ ಇದ್ದಿದ್ದರೆ ಇವನು ಮೂರೂ ವಿಷಯದಲ್ಲಿ ಫೇಲ್. ಇಂಗ್ಲಿಷಿಗೆ 8, ವಿಜ್ಞಾನಕ್ಕೆ 10, ಗಣಿತಕ್ಕೆ 19, ಒಟ್ಟು 37 ಅಂಕ ಯಾರಾದರೂ ತುಂಬಿಕೊಡಬೇಕಿತ್ತು. ಹೊಸ ನಿಯಮದಲ್ಲಿ ಇಂಗ್ಲಿಷ್, ವಿಜ್ಞಾನ ಎರಡೂ ಸದ್ದಿಲ್ಲದೆ ಪಾಸಾಗಿವೆ, ಉಳಿದಿರೋದು ಗಣಿತದ ನಾಲ್ಕು ಅಂಕ ಮಾತ್ರ. ಮೊದಲು ಗ್ರೇಸ್ ಮಾಡುತ್ತಿದ್ದ ಕೆಲಸದಲ್ಲಿ ಹೆಚ್ಚಿನದನ್ನು ಈಗ ಆಂತರಿಕ ಅಂಕ ಮಾಡ್ತಿದೆ, ಹೆಸರು ಬೇರೆ ಅಷ್ಟೇ. ಶಾಲೆಯೇ ಕೊಡುವ ಅಂಕಕ್ಕೆ ಇಷ್ಟು ತೂಕ ಬಂದಿರೋದು ನನಗೇನೂ ಪೂರ್ತಿ ಒಪ್ಪಿಗೆ ಇಲ್ಲ. 20ಕ್ಕೆ 20 ಆಂತರಿಕ ಇರುವ ಮಗು ಲಿಖಿತದಲ್ಲಿ 80ಕ್ಕೆ 10 ತೆಗೆದರೂ ಆ ವಿಷಯದಲ್ಲಿ 30 ಆಗಿಬಿಡುತ್ತೆ. ಆದರೆ ಅದು ಬೇರೆ ಜಗಳ, ಇನ್ನೊಂದು ದಿನ ಆಡೋಣ.

ಕಾಸರಗೋಡಿನ ಹುಡುಗಿಯದು ಹೆಸರಿಗೆ ಮಾತ್ರ ಇದೇ ಗ್ರೇಸ್. ಕೇರಳದಲ್ಲಿ ಶಾಲಾ ಕಲೋತ್ಸವ, ಕ್ರೀಡೆ, ಎನ್‌ಸಿಸಿ ಇಂಥದ್ದರಲ್ಲಿ ಸಾಧನೆ ಮಾಡಿದವರಿಗೆ ಅದರ ಮಟ್ಟ ನೋಡಿ ಅಂಕ ಸೇರಿಸುತ್ತಾರೆ. ಯಕ್ಷಗಾನವೂ ಕಲೋತ್ಸವದ ಒಂದು ಸ್ಪರ್ಧೆ, ಕಾಸರಗೋಡಿನ ಕನ್ನಡ ಮಕ್ಕಳು ಅದರಲ್ಲಿ ಚೆನ್ನಾಗಿಯೇ ಮಿಂಚುತ್ತಾರೆ. ಅದು ಫೇಲಾದವರನ್ನು ಎತ್ತೋದಕ್ಕೆ ಇರುವ ಅಂಕ ಅಲ್ಲ. ಚೆನ್ನಾಗಿ ಓದುವ ಮಗುವಿಗೂ ಸಿಗುತ್ತೆ, ಪ್ರಮಾಣಪತ್ರ ಇರಬೇಕು, ಶಾಲೆಯ ಮೂಲಕ ಹೋಗಬೇಕು. ಆ ರಾಜ್ಯದ ಮಂಡಳಿಯ ನಿಯಮ ಅಲ್ಲಿ ಬರೆದವರಿಗೆ ಮಾತ್ರ.

ಇನ್ನೊಂದು ಇದೆ, ಅದನ್ನೂ ಜನ ಗ್ರೇಸ್ ಅಂತಲೇ ಕರೀತಾರೆ. ಪ್ರಶ್ನೆಯೇ ತಪ್ಪಾಗಿದ್ದರೆ ಅಥವಾ ಪಠ್ಯದ ಹೊರಗಿನದಾಗಿದ್ದರೆ ಕೊಡುವ ಅಂಕ. ಪರೀಕ್ಷೆ ಮುಗಿದ ಮೇಲೆ ಮಂಡಳಿ kseab.karnataka.gov.in ನಲ್ಲಿ ಕೀ ಉತ್ತರ ಹಾಕಿ ಆಕ್ಷೇಪಣೆ ಕೇಳುತ್ತೆ. ಆಕ್ಷೇಪ ಸರಿ ಅಂತ ವಿಷಯ ತಜ್ಞರು ಒಪ್ಪಿದರೆ ಆ ಅಂಕ ಕೊಡುತ್ತಾರೆ, ಪಾಸಾಗುವವನು ಫೇಲಾಗುವವನು ಅನ್ನೋ ಭೇದ ಇಲ್ಲ. ಸಾಮಾನ್ಯವಾಗಿ ಆ ಪ್ರಶ್ನೆಗೆ ಉತ್ತರಿಸಲು ಪ್ರಯತ್ನ ಮಾಡಿದವರಿಗೆ ಅನ್ನೋ ಷರತ್ತು ಇರುತ್ತೆ. ಅದಕ್ಕೇ ನಾನು ಮಕ್ಕಳಿಗೆ ಯಾವಾಗಲೂ ಹೇಳ್ತಿದ್ದೆ, ಏನೂ ತೋಚದಿದ್ದರೂ ಪ್ರಶ್ನೆ ಸಂಖ್ಯೆ ಬರೆದು ಒಂದೆರಡು ಸಾಲಾದರೂ ಗೀಚ್ರೋ ಅಂತ. ಪೂರ್ತಿ ಖಾಲಿ ಬಿಟ್ಟವನಿಗೆ ಕೇಳೋಕೆ ಬಾಯಿರಲ್ಲ.

ಸರಿ, ಈಗ ನೀವು ಏನು ಮಾಡಬೇಕು?

ಒಂದು, ಗಣಿತದ ಉತ್ತರಪತ್ರಿಕೆಯ ಸ್ಕ್ಯಾನ್ ಪ್ರತಿಗೆ ಅರ್ಜಿ ಹಾಕಿ. ಅದು ಬಂದ ಮೇಲೇ ಮರುಎಣಿಕೆ ಅಥವಾ ಮರುಮೌಲ್ಯಮಾಪನ. ಪ್ರತಿ ಕೈಗೆ ಬಂದಾಗ ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಒಳಗಿನ ಪುಟಗಳಲ್ಲಿ ಹಾಕಿರುವ ಅಂಕಗಳನ್ನು ನೀವೇ ಒಂದೊಂದಾಗಿ ಕೂಡಿ. ಮುಖಪುಟದ ಒಟ್ಟಿಗೆ ಹೊಂದುತ್ತಾ ನೋಡಿ. ತಪ್ಪು ಹೆಚ್ಚಾಗಿ ಆಗೋ ಜಾಗ ನನಗೆ ಗೊತ್ತು. ಒಂದು ಲೆಕ್ಕವನ್ನು ಅರ್ಧಕ್ಕೆ ಬಿಟ್ಟು, ನಾಲ್ಕು ಪುಟ ಆದ ಮೇಲೆ ಮುಂದುವರಿಸಿರುತ್ತಾರೆ, ಕೊನೆಯ ಪುಟದ ಆ ಭಾಗ ಕಣ್ಣಿಗೆ ಬೀಳದೆ ಹೋಗಿರುತ್ತೆ. ಹಾಗೆ ಬಿಟ್ಟುಹೋದ ಉತ್ತರವೋ ಕೂಡುವುದರಲ್ಲಿ ತಪ್ಪೋ ಕಂಡರೆ ಮುಂದಿನ ಅರ್ಜಿ ಹಾಕಿ. ಏನೂ ಕಾಣದಿದ್ದರೆ, 9 ಬಂದ ಪತ್ರಿಕೆಯಲ್ಲಿ ಸುಮ್ನೆ ಅದೃಷ್ಟ ನೋಡೋಣ ಅಂತ ಮರುಮೌಲ್ಯಮಾಪನಕ್ಕೆ ದುಡ್ಡು ಸುರಿಯಬೇಡಿ.

ಎರಡು, ಇದರ ಫಲಿತಾಂಶಕ್ಕೆ ಕಾಯದೆ ಪರೀಕ್ಷೆ-2ಕ್ಕೆ ಗಣಿತ ಒಂದನ್ನೇ ನೋಂದಾಯಿಸಿ. ಕೊನೆಯ ದಿನಾಂಕ ಬೇಗ ಬಂದುಬಿಡುತ್ತೆ, ಶಾಲೆಯಲ್ಲಿ ಇವತ್ತೇ ಕೇಳಿ. ಅಪ್ಪಿತಪ್ಪಿ ಅಂಕ ಇನ್ನೂ ಕಡಿಮೆ ಬಂದರೂ ನಷ್ಟವಿಲ್ಲ, ಬರೆದ ಪರೀಕ್ಷೆಗಳಲ್ಲಿ ಹೆಚ್ಚು ಬಂದದ್ದೇ ಉಳಿಯುತ್ತದೆ.

ಆಂತರಿಕ 17 ಹಾಗೇ ಇರುತ್ತೆ, ಲಿಖಿತದಲ್ಲಿ ಬೇಕಾಗಿರೋದು 13. ಈಚಿನ ವರ್ಷಗಳ ಗಣಿತ ಪತ್ರಿಕೆಯಲ್ಲಿ ಬಹುಆಯ್ಕೆ ಎಂಟು, ಒಂದು ಅಂಕದ್ದು ಎಂಟು, ಅಲ್ಲಿಗೇ 16 ಅಂಕ. ಅದರ ಜೊತೆಗೆ ಎರಡು ರೇಖಾತ್ಮಕ ಸಮೀಕರಣಗಳನ್ನು ನಕ್ಷೆಯಲ್ಲಿ ಬಿಡಿಸುವ ನಾಲ್ಕು ಅಂಕದ ಲೆಕ್ಕ, ಸಂಖ್ಯಾಶಾಸ್ತ್ರದ ಸರಾಸರಿ ಕಂಡುಹಿಡಿಯುವ ಮೂರು ಅಂಕದ್ದು, ಇವೆರಡನ್ನು ಮಾತ್ರ ದಿನಾ ಒಂದೊಂದು ಬರೆಸಿ. ನಕ್ಷೆಗೆ ಸ್ಕೇಲು, ಚೂಪಾದ ಪೆನ್ಸಿಲ್ ಇರಲಿ, ಅಕ್ಷಗಳಿಗೆ ಹೆಸರು ಹಾಕಲಿ, ಪ್ರಮಾಣ ಬರೆಯಲಿ. ಉತ್ತರದ ಬಿಂದು ತಪ್ಪಿದರೂ ಕೋಷ್ಟಕಕ್ಕೆ, ಗೆರೆಗೆ ಅಂತ ಅಂಕ ಬಿಡಿಬಿಡಿಯಾಗಿ ಸಿಗುತ್ತೆ, ನಾನು ಕೊಟ್ಟಿದ್ದೇನೆ.

ಆ ಫೋನ್ ಮಾಡಿದವರು ಮತ್ತೆ ಕರೆ ಮಾಡಿದರೆ ನಂಬರ್ ಬರೆದಿಟ್ಟುಕೊಂಡು ಮುಖ್ಯ ಶಿಕ್ಷಕರಿಗೆ ಕೊಡಿ. ಮಗನ ನೋಂದಣಿ ಸಂಖ್ಯೆ ಕೇಳ್ತಾರೆ, ಅದನ್ನಂತೂ ಹೇಳಲೇಬೇಡಿ.