ಹಳೇ ಆಡಿಟರ್ ಉತ್ತರ ಕೊಡದಿದ್ದರೆ

> ಬದಿಯಡ್ಕದ ಒಂದು ಪ್ರೈವೇಟ್ ಲಿಮಿಟೆಡ್ ಕಂಪನಿ ಆಡಿಟ್‌ಗೆ ಕರೆದಿದೆ. ಕಾಸರಗೋಡಿನ ಹಳೇ ಆಡಿಟರಿಗೆ ಪತ್ರ ಹಾಕಿ ಇಪ್ಪತ್ತು ದಿನ ಆಯ್ತು, ಉತ್ತರವಿಲ್ಲ. ಫೀಸು ಬಾಕಿ ಇದೆ ಅಂತಾನೂ ಕೇಳಿದೆ. ಎನ್ಒಸಿ ಇಲ್ಲದೆ ಒಪ್ಪಬಹುದಾ?

ಎನ್ಒಸಿ ಬೇಕೇ ಬೇಕು ಎಂದು ಕಾನೂನಿನಲ್ಲಿ ಎಲ್ಲೂ ಇಲ್ಲ. 1949ರ ಸಿಎ ಕಾಯ್ದೆಯ ಮೊದಲ ಅನುಸೂಚಿ, ಭಾಗ 1ರ 8ನೇ ಕ್ಲಾಸ್ ಕೇಳುವುದು ಇಷ್ಟೇ: ಒಪ್ಪುವ ಮೊದಲು ಹಿಂದಿನವರಿಗೆ ಲಿಖಿತವಾಗಿ ತಿಳಿಸಿರಬೇಕು. ಹೆಚ್ಚಿನವರು ಎಡವುವುದು ಪುರಾವೆಯಲ್ಲಿ. ಪತ್ರ ಕಳಿಸಿದ ರಸೀದಿ ಸಾಲದು, ತಲುಪಿದ್ದು ಕಾಣಬೇಕು: ಸ್ವೀಕೃತಿ ಕಾರ್ಡು, ಕೈಯಲ್ಲಿ ಕೊಟ್ಟರೆ ಸಹಿ, ಇಮೇಲಾದರೆ ಅವರ ಮರುತ್ತರ. 'ಬಾಗಿಲು ಹಾಕಿದೆ' ಎಂದು ಲಕೋಟೆ ವಾಪಸು ಬಂದರೆ ಒಡೆಯದೆ ಫೈಲಿಗೆ ಹಾಕಿ. ವಿಳಾಸ ಆ ದಿನ ಇನ್‌ಸ್ಟಿಟ್ಯೂಟಿನಲ್ಲಿ ನೋಂದಾಯಿಸಿದ್ದೇ ಆಗಿದ್ದರೆ ತಲುಪಿದಂತೆಯೇ ಲೆಕ್ಕ.

ನಿಮ್ಮನ್ನು ನಿಜವಾಗಿ ತಡೆಯುವುದು ಫೀಸು. ತಕರಾರಿಲ್ಲದ ಆಡಿಟ್ ಫೀಸು ಬಾಕಿಯಿದ್ದರೆ ಒಪ್ಪುವಂತಿಲ್ಲ (ರೋಗಗ್ರಸ್ತ ಘಟಕಕ್ಕೆ ವಿನಾಯಿತಿ ಇದೆ). 'ಅದು ತಕರಾರಿನಲ್ಲಿದೆ' ಎಂದು ಡೈರೆಕ್ಟರು ಬಾಯಲ್ಲಿ ಹೇಳಿದರೆ ನಂಬಬೇಡಿ, ಕಳೆದ ಬ್ಯಾಲೆನ್ಸ್ ಶೀಟು ತರಿಸಿ. ಉದಾಹರಣೆಗೆ ಅಲ್ಲಿ ಆಡಿಟ್ ಫೀಸಿಗೆ 40,000 ರೂಪಾಯಿ ಪ್ರಾವಿಷನ್ ಇದ್ದು, ಕಂಪನಿ ಮತ್ತು ಹಳೇ ಆಡಿಟರ್ ಇಬ್ಬರೂ ಸಹಿ ಹಾಕಿದ್ದರೆ ಅದು ತಕರಾರಿಲ್ಲದ ಫೀಸೇ. ಕಟ್ಟಿಸಿ, ಬ್ಯಾಂಕ್ ದಾಖಲೆಯ ಪ್ರತಿ ಇಟ್ಟುಕೊಳ್ಳಿ. ಟ್ಯಾಕ್ಸ್ ಕೆಲಸದ ಬಿಲ್ಲು ಬೇರೆ, ಅದು ಈ ಲೆಕ್ಕಕ್ಕೆ ಬರುವುದಿಲ್ಲ.

ಇನ್ನು 9ನೇ ಕ್ಲಾಸ್: ನಿಮ್ಮ ನೇಮಕ ಕಂಪನಿ ಕಾಯ್ದೆಯಂತೆ ನಡೆದಿದೆಯೇ ಎಂದು ಒಪ್ಪುವ ಮೊದಲೇ ನೋಡಿಕೊಳ್ಳಬೇಕು. ಹಳೇ ಆಡಿಟರ್ ರಾಜೀನಾಮೆ ಕೊಟ್ಟಿದ್ದರೆ, ಅದನ್ನು ತಿಳಿಸಲು ಅವರು ಸಲ್ಲಿಸಿದ ADT-3 ಫಾರ್ಮಿನ ಪ್ರತಿ ನೋಡಿ. ಬೋರ್ಡ್ ನಿರ್ಣಯ ಒಂದೇ ಸಾಲದು, ಬೋರ್ಡ್ ಶಿಫಾರಸಿನಿಂದ 3 ತಿಂಗಳೊಳಗೆ ಸಾಮಾನ್ಯ ಸಭೆಯ ಒಪ್ಪಿಗೆಯೂ ಬೇಕು. ರಾಜೀನಾಮೆಯೂ ಇಲ್ಲದೆ, ಕಾನೂನಿನಂತೆ ತೆಗೆದದ್ದೂ ಇಲ್ಲದೆ, ಅವಧಿಯೂ ಮುಗಿಯದೆ ನಿಮ್ಮನ್ನು ಕರೆದಿದ್ದರೆ ಜಾಗವೇ ಖಾಲಿಯಿಲ್ಲ, ಒಪ್ಪಿಗೆ ಪತ್ರ ಕೊಡಬೇಡಿ.