ದಾಖಲೆ ಕೊಟ್ಟ ಮೇಲೂ ಚಾಟ್‌ಬಾಟ್ ತಪ್ಪು ಹೇಳುವುದೇಕೆ?

ಪ್ರಶ್ನೆ: ಡೊಂಬಿವಲಿಯ ನಮ್ಮ ಹೌಸಿಂಗ್ ಸೊಸೈಟಿಗೆ ನಾನು ಕಾರ್ಯದರ್ಶಿ. ಬೈಲಾ, ಸರ್ಕಾರಿ ಆದೇಶ, ಸಭೆಯ ನಡಾವಳಿ ಎಲ್ಲವನ್ನೂ ತುಂಬಿಸಿ ಮಗ ಒಂದು ಚಾಟ್‌ಬಾಟ್ ಮಾಡಿಕೊಟ್ಟಿದ್ದಾನೆ. ಇದು ‘ರ್‍ಯಾಗ್’ ಪದ್ಧತಿ, ದಾಖಲೆಯಲ್ಲಿ ಹುಡುಕಿಯೇ ಉತ್ತರಿಸುತ್ತದೆ, ಇಲ್ಲದ್ದನ್ನು ಹೇಳುವುದಿಲ್ಲ ಎಂದಿದ್ದ. ಆದರೆ ಬಾಡಿಗೆಗೆ ಕೊಟ್ಟ ಫ್ಲ್ಯಾಟಿಗೆ ತಿಂಗಳ ಬಿಲ್ಲಿನ ಶೇ 10ರಷ್ಟು ನಾನ್-ಆಕ್ಯುಪೆನ್ಸಿ ಶುಲ್ಕ ಎಂದು ಸದಸ್ಯರೊಬ್ಬರಿಗೆ ತಪ್ಪು ಉತ್ತರ ಕೊಟ್ಟಿತು. ದಾಖಲೆ ಒಳಗೇ ಇದ್ದೂ ಹೀಗೇಕೆ?

ಉತ್ತರ: ಇಂಥ ತಪ್ಪು ಬಹುಮಟ್ಟಿಗೆ ಭಾಷಾ ಮಾದರಿ ಉತ್ತರ ಬರೆಯಲು ತೊಡಗುವ ಮೊದಲೇ ಆಗಿರುತ್ತದೆ. ನಿಮ್ಮ ಚಾಟ್‌ಬಾಟ್ ಪ್ರತಿ ಪ್ರಶ್ನೆಗೂ ಇಡೀ ಕಡತವನ್ನು ಓದುವುದಿಲ್ಲ. ದಾಖಲೆಗಳನ್ನೆಲ್ಲ ಮೊದಲೇ ಸಣ್ಣ ತುಣುಕುಗಳಾಗಿ ಕತ್ತರಿಸಿ, ಪ್ರತಿ ತುಣುಕಿನ ಅರ್ಥವನ್ನು ಸೂಚಿಸುವ ಅಂಕಿಗಳ ಒಂದು ಸಾಲನ್ನು ಸಿದ್ಧಪಡಿಸಿ ಇಟ್ಟಿರುತ್ತಾರೆ. ಇದಕ್ಕೆ ಎಂಬೆಡಿಂಗ್ ಎನ್ನುತ್ತಾರೆ. ಪ್ರಶ್ನೆ ಬಂದಾಗ ಅದನ್ನೂ ಹಾಗೆಯೇ ಅಂಕಿಗಳಿಗೆ ಇಳಿಸಿ, ಅದಕ್ಕೆ ಅತಿ ಸಮೀಪವಿರುವ ನಾಲ್ಕೈದು ತುಣುಕುಗಳನ್ನು ಆರಿಸಿ, ಪ್ರಶ್ನೆಯ ಜೊತೆಗೆ ಮಾದರಿಯ ಮುಂದಿಡಲಾಗುತ್ತದೆ. ಮಾದರಿಗೆ ಕಾಣುವುದು ಅಷ್ಟೇ. 2020ರಲ್ಲಿ ಪ್ಯಾಟ್ರಿಕ್ ಲೂಯಿಸ್ ಮತ್ತು ಸಂಗಡಿಗರು ಈ ಪದ್ಧತಿಗೆ ಹೆಸರು ಕೊಟ್ಟ ಪ್ರಬಂಧದಲ್ಲಿಯೂ ಇಂಗ್ಲಿಷ್ ವಿಕಿಪೀಡಿಯವನ್ನು ನೂರು ನೂರು ಪದಗಳ ಸುಮಾರು 2.1 ಕೋಟಿ ತುಣುಕುಗಳಾಗಿ ಕತ್ತರಿಸಿದ್ದರು.

ಇದರಿಂದ ಕಲ್ಪಿತ ಉತ್ತರಗಳು ಕಡಿಮೆಯಾಗುವುದು ನಿಜ. ದಾಖಲೆಯ ನೆರವಿಲ್ಲದ ಮಾದರಿ, ತರಬೇತಿಯಲ್ಲಿ ಕಂಡ ಪಠ್ಯದ ಆಧಾರದ ಮೇಲೆ ಮುಂದಿನ ಪದ ಯಾವುದಿರಬಹುದೆಂದು ಅಂದಾಜು ಮಾಡುತ್ತಾ ಹೋಗುತ್ತದೆ. ನಿಮ್ಮ ಸೊಸೈಟಿಯ ನಡಾವಳಿಯನ್ನು ಅದು ಕಂಡೇ ಇರುವುದಿಲ್ಲವಾದರೂ ಅಷ್ಟೇ ನಿರರ್ಗಳವಾಗಿ ಏನೋ ಒಂದನ್ನು ಬರೆಯುತ್ತದೆ. ಬೇಕಾದ ವಾಕ್ಯ ಕಣ್ಣೆದುರಿಗೇ ಇದ್ದಾಗ ಅಂದಾಜಿಗೆ ಅವಕಾಶ ಕುಗ್ಗುತ್ತದೆ. ಆದರೆ ಎದುರಿಗಿಟ್ಟ ವಾಕ್ಯವೇ ಅರ್ಧವಾಗಿದ್ದರೆ ಉಳಿದರ್ಧವನ್ನು ಅದು ಹಳೆಯ ಅಭ್ಯಾಸದಂತೆ ತಾನೇ ತುಂಬಿಕೊಳ್ಳುತ್ತದೆ.

ನಿಮ್ಮ ಪ್ರಕರಣದಲ್ಲಿ ಹೀಗೇ ಆಗಿದೆಯೆಂದು ನನ್ನ ಅನುಮಾನ. ಮಹಾರಾಷ್ಟ್ರ ಸರ್ಕಾರದ 2001ರ ಆಗಸ್ಟ್ ಆದೇಶದ ಪ್ರಕಾರ ಈ ಶುಲ್ಕ ಸರ್ವಿಸ್ ಚಾರ್ಜಿನ ಶೇ 10ನ್ನು ಮೀರಬಾರದು, ಆ ಲೆಕ್ಕದಲ್ಲಿ ನಗರಸಭೆಯ ತೆರಿಗೆ ಸೇರಬಾರದು. ಇಂಗ್ಲಿಷ್ ವಾಕ್ಯದಲ್ಲಿ ‘ಶೇ 10’ ಎಂಬುದು ಮೊದಲು ಬರುತ್ತದೆ, ಯಾವುದರ ಶೇ 10 ಎಂಬುದು ಅದರ ನಂತರ ಬರುತ್ತದೆ. ಇಂತಿಷ್ಟು ಅಕ್ಷರಗಳಿಗೊಮ್ಮೆ ಎಂದು ಕಣ್ಣುಮುಚ್ಚಿ ಕತ್ತರಿಸುವ ಪ್ರೋಗ್ರಾಂ ಈ ಎರಡರ ನಡುವೆಯೇ ಗೆರೆ ಎಳೆದರೆ, ಅಂಕಿ ಒಂದು ತುಣುಕಿನಲ್ಲಿ ಉಳಿದು ‘ಸರ್ವಿಸ್ ಚಾರ್ಜ್’ ಎಂಬ ಮಾತು ಮತ್ತೊಂದಕ್ಕೆ ಹೋಗುತ್ತದೆ. ಹುಡುಕಾಟದಲ್ಲಿ ಮೊದಲನೆಯದು ಮಾತ್ರ ಸಿಕ್ಕಾಗ, ‘ತಿಂಗಳ ಬಿಲ್ಲಿನ’ ಎಂಬುದು ಮಾದರಿಯ ಊಹೆ. ತಿಂಗಳ ಬಿಲ್ಲು 5,000 ರೂಪಾಯಿ ಇದ್ದು, ತೆರಿಗೆ, ನೀರು, ರಿಪೇರಿ ನಿಧಿ, ಸಿಂಕಿಂಗ್ ಫಂಡ್ ಕಳೆದು ಅದರಲ್ಲಿ ಸರ್ವಿಸ್ ಚಾರ್ಜ್ 2,400 ಎಂದಿಟ್ಟುಕೊಳ್ಳಿ. ಸರಿಯಾದ ಶುಲ್ಕ ಹೆಚ್ಚೆಂದರೆ 240 ರೂಪಾಯಿ. ಚಾಟ್‌ಬಾಟ್ ಹೇಳಿದ ಲೆಕ್ಕದಲ್ಲಿ 500. ಅಂಕಿ ದಾಖಲೆಯದ್ದೇ ಆಗಿರುವುದರಿಂದ ಇಂಥ ತಪ್ಪು ಯಾರ ಕಣ್ಣಿಗೂ ಬೇಗ ಬೀಳುವುದಿಲ್ಲ. ಪೂರ್ತಿ ಕಲ್ಪಿಸಿದ ಉತ್ತರಕ್ಕಿಂತ ಇದನ್ನೇ ನಾನು ಹೆಚ್ಚು ಅಪಾಯಕಾರಿ ಎಂದು ಎಣಿಸುತ್ತೇನೆ.

ಖಚಿತಪಡಿಸಿಕೊಳ್ಳುವುದು ಕಷ್ಟವಲ್ಲ. ಅದೇ ಪ್ರಶ್ನೆಯನ್ನು ಮತ್ತೆ ಕೇಳಿ, ಉತ್ತರವನ್ನು ಬದಿಗಿಟ್ಟು, ಮಾದರಿಗೆ ಹೋದ ತುಣುಕುಗಳನ್ನು ಮಾತ್ರ ಪರದೆಯ ಮೇಲೆ ತೋರಿಸಲು ಮಗನಿಗೆ ಹೇಳಿ. ‘ಸರ್ವಿಸ್ ಚಾರ್ಜ್’ ಎಂಬುದು ಅವುಗಳಲ್ಲಿ ಇಲ್ಲದಿದ್ದರೆ ದೋಷ ಕತ್ತರಿಸಿದ ರೀತಿಯಲ್ಲೋ ಹುಡುಕಾಟದಲ್ಲೋ ಇದೆ. ಮಾದರಿ ಬದಲಾಯಿಸಿ ಪ್ರಯೋಜನವಿಲ್ಲ. ಸ್ಪಷ್ಟವಾಗಿ ಇದ್ದೂ ತಪ್ಪು ಉತ್ತರ ಬಂದಿದ್ದರೆ ಮಾತ್ರ ಮಾದರಿಯನ್ನೋ ಅದಕ್ಕೆ ಕೊಟ್ಟ ಸೂಚನೆಯನ್ನೋ ದೂರಬೇಕು. ಈ ಎರಡನ್ನು ಬೇರ್ಪಡಿಸದೆ ರಿಪೇರಿಗೆ ಕೈಹಾಕುವವರೇ ಹೆಚ್ಚು.

ಕತ್ತರಿಸುವ ಕ್ರಮವನ್ನು ಸರಿಪಡಿಸುವುದೇ ಮೊದಲ ಕೆಲಸ. ಬೈಲಾ, ಆದೇಶಗಳನ್ನು ಅಕ್ಷರ ಎಣಿಸಿ ಕತ್ತರಿಸದೆ ಕಲಮು ಕಲಮಾಗಿ ಬಿಡಿಸಿ, ಪ್ರತಿ ತುಣುಕಿನ ತಲೆಗೆ ದಾಖಲೆಯ ಹೆಸರು, ಅಧ್ಯಾಯ, ಕಲಮಿನ ಸಂಖ್ಯೆ ಮತ್ತು ದಿನಾಂಕವನ್ನು ಸೇರಿಸಬೇಕು. ದಿನಾಂಕ ಏಕೆಂದರೆ, ಆ ಆದೇಶಕ್ಕಿಂತ ಮುಂಚೆ ನಿಮ್ಮ ಸಾಮಾನ್ಯ ಸಭೆಯೇ ಹೆಚ್ಚಿನ ದರ ಗೊತ್ತುಮಾಡಿದ್ದ ನಡಾವಳಿಯೂ ಅದೇ ಕಡತದಲ್ಲಿರಬಹುದು. ಅದರ ಪದಗಳು ಪ್ರಶ್ನೆಗೆ ಅಷ್ಟೇ ಸಮೀಪವಾಗಿರುತ್ತವೆ. ಯಾವುದು ಹತ್ತಿರ ಎಂಬುದಷ್ಟೇ ಹುಡುಕಾಟಕ್ಕೆ ಗೊತ್ತು, ಯಾವುದು ಇಂದು ಜಾರಿಯಲ್ಲಿದೆ ಎಂಬುದು ಗೊತ್ತಿಲ್ಲ.

ಹುಡುಕಾಟಕ್ಕೆ ನಿಮ್ಮಲ್ಲಿ ಇನ್ನೊಂದು ತೊಡಕೂ ಇರಬಹುದು. ಮುಂಬಯಿ ಕಡೆಯ ಕನ್ನಡಿಗರು ಕನ್ನಡ, ಮರಾಠಿ, ಇಂಗ್ಲಿಷನ್ನು ಬೆರೆಸಿಯೇ ಪ್ರಶ್ನೆ ಬರೆಯುತ್ತಾರೆ. ‘ಭಾಡೇಕರು ಬಂದ್ರೆ ಎಷ್ಟು ಕಟ್ಟಬೇಕು’ ಎಂಬ ಪ್ರಶ್ನೆಗೂ ಇಂಗ್ಲಿಷಿನ ‘ನಾನ್-ಆಕ್ಯುಪೆನ್ಸಿ’ ಕಲಮಿಗೂ ಒಂದು ಪದವೂ ಹೊಂದುವುದಿಲ್ಲ. ಹಲವು ಭಾಷೆಗಳಲ್ಲಿ ತರಬೇತಿ ಪಡೆದ ಎಂಬೆಡಿಂಗ್ ಇದ್ದರೆ ಅರ್ಥದಿಂದ ಹೊಂದಿಕೆ ಸಿಗುತ್ತದೆ, ಇಂಗ್ಲಿಷಿಗೆ ಮಾತ್ರ ಪಳಗಿದ್ದರೆ ಸಿಗುವುದಿಲ್ಲ. ಇತ್ತ ‘ಇಂಥ ಕಲಮು ಏನು ಹೇಳುತ್ತದೆ’ ಎಂದು ಸಂಖ್ಯೆ ಹಿಡಿದು ಕೇಳಿದಾಗ ಎಂಬೆಡಿಂಗ್ ಎಡವುತ್ತದೆ, ಪದಕ್ಕೆ ಪದ ಹೊಂದಿಸುವ ಹಳೆಯ ವಿಧಾನವೇ ಗೆಲ್ಲುತ್ತದೆ. ಎರಡನ್ನೂ ನಡೆಸಿ ಫಲಿತಾಂಶ ಬೆರೆಸುವುದು ಒಳ್ಳೆಯದು.

ಇನ್ನು, ಉತ್ತರ ಕಡತದಲ್ಲಿ ಇಲ್ಲವೇ ಇಲ್ಲದ ಪ್ರಶ್ನೆಗಳು. ಹತ್ತಿರದ ಐದು ತುಣುಕು ತಾ ಎಂದರೆ ಹುಡುಕಾಟ ಹೇಗಾದರೂ ಐದನ್ನು ತಂದೇ ತರುತ್ತದೆ, ಅವು ಎಷ್ಟೇ ದೂರದವಾಗಿರಲಿ. ಆ ಐದನ್ನು ಕಂಡ ಮಾದರಿ ಏನಾದರೂ ಹೇಳಲು ಹವಣಿಸುತ್ತದೆ. ಆದ್ದರಿಂದ ‘ಕೊಟ್ಟ ತುಣುಕುಗಳಲ್ಲಿ ಉತ್ತರವಿಲ್ಲದಿದ್ದರೆ ದಾಖಲೆಯಲ್ಲಿ ಸಿಗಲಿಲ್ಲ ಎಂದಷ್ಟೇ ಬರೆ’ ಎಂಬ ಸೂಚನೆ ಇರಲೇಬೇಕು. ಜೊತೆಗೆ ಪ್ರತಿ ಉತ್ತರದ ಕೆಳಗೆ ಆಧಾರವಾಕ್ಯವನ್ನು ಮೂಲದಲ್ಲಿದ್ದಂತೆಯೇ ಎತ್ತಿ ತೋರಿಸಲಿ. ಆ ವಾಕ್ಯ ತುಣುಕಿನಲ್ಲಿ ನಿಜವಾಗಿ ಇದೆಯೇ ಎಂದು ಪ್ರೋಗ್ರಾಂ ತಾನೇ ತಾಳೆ ನೋಡಬಲ್ಲದು. ಉತ್ತರಕ್ಕೆ ಅದು ಆಧಾರವಾಗುತ್ತದೆಯೇ ಎಂಬುದನ್ನು ಮಾತ್ರ ಮನುಷ್ಯರೇ ಓದಿ ಹೇಳಬೇಕು.

ಇಷ್ಟೆಲ್ಲ ಆದ ಮೇಲೆ ಒಂದು ಪ್ರಶ್ನೆ ಹಾಕಿ ನೋಡಿ: ‘ಫ್ಲ್ಯಾಟಿನಲ್ಲಿ ಅಳಿಯ ವಾಸವಿದ್ದರೆ ಶುಲ್ಕ ಎಷ್ಟು?’ ಸದಸ್ಯರ ಕುಟುಂಬದವರು ವಾಸವಿದ್ದರೆ ಈ ಶುಲ್ಕವಿಲ್ಲ. ಆದರೆ ಕುಟುಂಬ ಎಂದರೆ ಯಾರು ಯಾರು, ಅದರಲ್ಲಿ ಅಳಿಯನೂ ಸೇರುತ್ತಾನೆಂಬುದು ಸರ್ಕಾರದ ಮಾದರಿ ಬೈಲಾದ ಆರಂಭದ ವ್ಯಾಖ್ಯೆಗಳಲ್ಲಿ ಇದೆ, ಶುಲ್ಕದ ಕಲಮಿನ ಹತ್ತಿರ ಎಲ್ಲೂ ಇಲ್ಲ. ದರದ ತುಣುಕೊಂದೇ ಸಿಕ್ಕರೆ ಚಾಟ್‌ಬಾಟ್ ಸರ್ವಿಸ್ ಚಾರ್ಜಿನ ಶೇ 10 ಎನ್ನುತ್ತದೆ, ಆಧಾರವಾಕ್ಯವನ್ನೂ ಸರಿಯಾಗಿಯೇ ತೋರಿಸುತ್ತದೆ, ಆದರೂ ಉತ್ತರ ತಪ್ಪು. ವಿನಾಯಿತಿಯ ಕಲಮಿನ ತುಣುಕಿಗೆ ಕುಟುಂಬದ ವ್ಯಾಖ್ಯೆಯನ್ನು ಕೈಯಾರೆ ಜೋಡಿಸಿಟ್ಟು, ದರದ ತುಣುಕು ಬಂದಾಗಲೆಲ್ಲ ವಿನಾಯಿತಿಯ ತುಣುಕೂ ಜೊತೆಗೆ ಬರುವಂತೆ ಕಟ್ಟಿಹಾಕಲು ಮಗನಿಗೆ ಹೇಳಿ. ಬೈಲಾದಲ್ಲಿ ಹೀಗೆ ಒಂದನ್ನೊಂದು ಅವಲಂಬಿಸಿದ ಕಲಮುಗಳು ಯಾವುವೆಂದು ಕಾರ್ಯದರ್ಶಿಯಾದ ನಿಮಗೇ ಅವನಿಗಿಂತ ಚೆನ್ನಾಗಿ ಗೊತ್ತಿರುತ್ತದೆ. ಆ ಪಟ್ಟಿಯನ್ನು ನೀವೇ ಬರೆದುಕೊಡಿ.